ಅಕ್ಕೋರ ಬೀಳ್ಕೊಡುಗೆಗೆ ಐದು ನಿಮಿಷದ ಮಾತು

ನಮ್ಮ ಶಾಲೆಯ ಅಕ್ಕೋರು ಈ ಸಲ ಮೇ 31ಕ್ಕೆ ನಿವೃತ್ತರಾದರು. ಸಹೋದ್ಯೋಗಿಗಳ ಪರವಾಗಿ ನೀವೇ ಮಾತಾಡಬೇಕು ಅಂತ ಹೆಡ್‌ಮಾಸ್ತರು ನನಗೆ ಫೋನ್ ಮಾಡಿ ಹೇಳಿದ್ದು ಬೇಸಿಗೆ ರಜೆಯಲ್ಲಿ, ನಾನು ಶಿರಸಿ ಕಡೆ ನಮ್ಮ ಮನೆಯಲ್ಲಿ ಇದ್ದಾಗ. "ಐದು ನಿಮಿಷ ಸಾಕು ಮಾರಾಯ್ರೆ. ಅಳಿಸೋದು ಬೇಡ, ಅದನ್ನ ಬೇರೆಯವರು ಮಾಡ್ತಾರೆ. ನೀವು ಸ್ವಲ್ಪ ನಗೋ ಹಾಗೆ ಹೇಳಿ" ಅಂದರು.

ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿಯ ದಂಡೆ ಮೇಲಿರುವ ಶಾಲೆ ನಮ್ಮದು. ಅಕ್ಕೋರ ಮನೆ ಆಚೆ ದಡದಲ್ಲಿ. ದಿನಾ ತಾರಿ ದಾಟಿ ಬರುತ್ತಿದ್ದರು. ನಾನು ಘಟ್ಟದ ಮೇಲಿನವನು, ಬಂದು ಕೆಲವೇ ವರ್ಷ ಆಯ್ತು. ಮೂವತ್ತಕ್ಕೂ ಜಾಸ್ತಿ ವರ್ಷ ಪಾಠ ಮಾಡಿದವರ ಬಗ್ಗೆ ನಾನು ಎಂತ ಹೇಳಲಿ ಅಂತ ಮೊದಲು ಅನ್ನಿಸಿದ್ದು ನಿಜ. ಆಮೇಲೆ ಯೋಚಿಸಿದೆ, ಗೊತ್ತಿಲ್ಲದವನು ಕೇಳಿ ತಿಳಿದುಕೊಳ್ಳುತ್ತಾನೆ, ಅದೇ ಒಳ್ಳೆಯದು.

ಈ ಕಾರ್ಯಕ್ರಮಗಳ ಭಾಷಣ ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತಲ್ವಾ. ಇಂಥ ವರ್ಷ ಸೇವೆಗೆ ಸೇರಿದರು, ಇಂಥಿಂಥ ಶಾಲೆಯಲ್ಲಿ ಕೆಲಸ ಮಾಡಿದರು, ಸರಳ ಸಜ್ಜನರು, ಅಜಾತಶತ್ರು, ಕಾಯಕವೇ ಕೈಲಾಸ, ನಿವೃತ್ತಿ ವೃತ್ತಿಗೆ ಮಾತ್ರ ಪ್ರವೃತ್ತಿಗಲ್ಲ, ಮುಂದಿನ ಜೀವನ ಸುಖಕರವಾಗಿರಲಿ. ಮುಗಿಯಿತು. ಹೆಸರೊಂದನ್ನು ಬದಲಿಸಿದರೆ ಪಕ್ಕದ ಶಾಲೆಯ ಮಾಸ್ತರಿಗೂ ನಡೆಯುತ್ತದೆ. ಇನ್ನೊಂದು ವಿಷಯ: ಸೇರಿದ ದಿನ, ವರ್ಗಾವಣೆ, ಬಡ್ತಿ ಎಲ್ಲ ಸನ್ಮಾನ ಪತ್ರದಲ್ಲಿ ಇದ್ದೇ ಇರುತ್ತದೆ, ಅದನ್ನು ಒಬ್ಬರು ನಿಂತು ಗಟ್ಟಿಯಾಗಿ ಓದಿರುತ್ತಾರೆ. ಅದನ್ನೇ ಮತ್ತೆ ಹೇಳಿದರೆ ಐದರಲ್ಲಿ ಎರಡು ನಿಮಿಷ ಸುಮ್ನೆ ಹೋಯ್ತು. ಹಾಗಾಗಿ ಮೊದಲು ಮಾಡಿದ ಕೆಲಸ ಅಂದರೆ ಹೆಡ್‌ಮಾಸ್ತರ ಹತ್ತಿರ ಸನ್ಮಾನ ಪತ್ರದ ಕರಡು ತರಿಸಿಕೊಂಡು, ಅದರಲ್ಲಿ ಇರುವುದನ್ನೆಲ್ಲ ನನ್ನ ಹಾಳೆಯಿಂದ ಹೊರಗಿಟ್ಟದ್ದು.

ಆಮೇಲೆ ಕೇಳಲು ಶುರು ಮಾಡಿದೆ. "ಅಕ್ಕೋರು ಹೇಗೆ?" ಅಂತ ಕೇಳಿದರೆ ಉಪಯೋಗವಿಲ್ಲ. "ಅಯ್ಯೋ ತುಂಬ ಒಳ್ಳೆಯವರು" ಅನ್ನುತ್ತಾರೆ, ಅಲ್ಲಿಗೆ ನಿಲ್ಲುತ್ತದೆ. ನಾನು ಕೇಳಿದ್ದು, "ಅಕ್ಕೋರು ನಿಮಗೆ ಯಾವುದಕ್ಕೆ ಬೈದಿದ್ದರು?" ಅಂತ. ಇದಕ್ಕೆ ಎಲ್ಲರ ಹತ್ತಿರವೂ ಉತ್ತರ ಇತ್ತು. ಬಿಸಿಯೂಟದ ಅಡುಗೆಯವರಿಗೆ ಸಾಂಬಾರಿನಲ್ಲಿ ತರಕಾರಿ ದೊಡ್ಡದಾಗಿ ಹೆಚ್ಚಿದ್ದಕ್ಕೆ ಬೈದಿದ್ದರು, ಮಕ್ಕಳು ಹೋಳು ಆರಿಸಿ ಎಸೆಯುತ್ತಾರೆ ಅಂತ. ಹೆಡ್‌ಮಾಸ್ತರಿಗೆ ಬೆಲ್ ಎರಡು ನಿಮಿಷ ಮೊದಲೇ ಹೊಡೆಸಿದ್ದಕ್ಕೆ. ತಾರಿಯವನಿಗಂತೂ ಬಹಳ ಸಲ. ಆದರೆ ಅವನು ಹೇಳಿದ ಒಂದು ಮಾತು ನನಗೆ ತಲೆಗೆ ಹೊಕ್ಕಿತು. "ಅಕ್ಕೋರು ನನ್ನ ಹತ್ರ ದಿನಾ ನಾಳೆ ನೀರು ಎಷ್ಟು ಹೊತ್ತಿಗೆ ಇಳೀತದೆ ಅಂತ ಕೇಳ್ತಿದ್ರು. ಅವರಿಗೆ ಎಂತಕ್ಕೆ ಬೇಕಿತ್ತೋ!"

ತಾರಿ ಹಿಡಿಯಲು ಇರಬಹುದು ಅಂದುಕೊಂಡೆ. ಆದರೆ ತಾರಿ ಹೊರಡುವ ಹೊತ್ತು ಅವನೇ ಹೇಳುತ್ತಾನಲ್ಲ, ನೀರಿನ ಲೆಕ್ಕ ಯಾಕೆ?

ಶಾಲೆ ತೆರೆಯುವ ಮೊದಲು ದಾಖಲೆ ಜೋಡಿಸಲು ಅಂತ ಹೆಡ್‌ಮಾಸ್ತರು ಆಫೀಸ್ ಕೋಣೆ ತೆಗೆದಿದ್ದರು. ಕಪಾಟಿನಲ್ಲಿ ಹಳೆಯ ಹಾಜರಿ ಪುಸ್ತಕಗಳಿದ್ದವು. ಅಕ್ಕೋರ ತರಗತಿಯದ್ದು ತೆಗೆದು ನೋಡಿದೆ. ಪ್ರತಿ ತಿಂಗಳ ಪುಟದ ತಲೆಯಲ್ಲಿ, ಕೆಲವು ತಾರೀಕಿನ ಮೇಲೆ, ಪೆನ್ಸಿಲಿನ ಸಣ್ಣ ಚುಕ್ಕೆ. ಒಂದು ವರ್ಷದ್ದಲ್ಲ, ಎಲ್ಲ ವರ್ಷದ್ದೂ. ಚುಕ್ಕೆಗಳು ಗುಂಪು ಗುಂಪಾಗಿ ಬರುತ್ತಿದ್ದವು, ಸುಮಾರು ಹದಿನೈದು ದಿನಕ್ಕೊಮ್ಮೆ ಮೂರ್ನಾಲ್ಕು. ಆ ತಾರೀಕಿನ ಕೆಳಗೆ ನೋಡಿದರೆ ಗೈರುಹಾಜರಿ ಜಾಸ್ತಿ. ಕೆಲವು ದಿನ ಅರ್ಧ ತರಗತಿ ಇಲ್ಲ.

ಕರಾವಳಿಯವರಿಗೆ ಇಷ್ಟು ಹೇಳಿದರೆ ಸಾಕು, ಉಳಿದದ್ದು ಗೊತ್ತಾಗಿರುತ್ತದೆ. ನನಗೆ ತಾರಿಯವನು ಬಿಡಿಸಿ ಹೇಳಬೇಕಾಯಿತು. ಅಮಾವಾಸ್ಯೆ ಹುಣ್ಣಿಮೆಗೆ ಭರತಿಯೂ ಜೋರು, ಇಳಿತವೂ ಜೋರು. ನದಿಯ ಕೆಸರು ದಿಬ್ಬಗಳು ದೂರದವರೆಗೆ ತೆರೆದುಕೊಳ್ಳುತ್ತವೆ, ಬಳಚು ಅನ್ನುವ ಚಿಪ್ಪುಮೀನು ಆರಿಸಲು ಮನೆ ಮಂದಿಯೆಲ್ಲ ಇಳಿಯುತ್ತಾರೆ. ಹುಣ್ಣಿಮೆಯ ದಿನ ಈ ಇಳಿತ ನಸುಕಿನಲ್ಲೇ ಆಗಿ ಹೋಗುತ್ತದೆ. ಆದರೆ ನೀರು ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡ ಮಾಡುತ್ತದೆ. ಹಾಗಾಗಿ ನಾಲ್ಕೈದು ದಿನ ಕಳೆಯುವಷ್ಟರಲ್ಲಿ ಇಳಿತ ಸರಿಯಾಗಿ ನಮ್ಮ ಶಾಲೆಯ ಬೆಲ್ ಹೊತ್ತಿಗೆ ಬಂದು ನಿಲ್ಲುತ್ತದೆ. ಆಗ ಮಕ್ಕಳು ಬುಟ್ಟಿ ಹಿಡಿದು ಅಪ್ಪ ಅಮ್ಮನ ಹಿಂದೆ ಹೋಗುತ್ತಾರೆ, ಶಾಲೆ ಖಾಲಿ. ಅಷ್ಟಮಿ ನವಮಿಯ ಹೊತ್ತಿಗೆ ನೀರು ಹೆಚ್ಚು ಇಳಿಯುವುದೇ ಇಲ್ಲ, ದಿಬ್ಬ ಸರಿಯಾಗಿ ತೆರೆಯುವುದಿಲ್ಲ, ಮಕ್ಕಳು ವಾಪಸ್ ಬಂದು ಬೆಂಚಿನ ಮೇಲೆ ಕೂರುತ್ತಾರೆ.

ಅಕ್ಕೋರು ಇದನ್ನು ಮೊದಲೇ ಲೆಕ್ಕ ಹಾಕಿ ಚುಕ್ಕೆ ಇಡುತ್ತಿದ್ದರು. ಚುಕ್ಕೆಯ ದಿನ ಹೊಸ ಪಾಠವಿಲ್ಲ, ಗಣಿತವಂತೂ ಇಲ್ಲವೇ ಇಲ್ಲ. ಬಂದವರಿಗೆ ಹಳೆಯದರ ಅಭ್ಯಾಸ, ಚಿತ್ರ, ಪದ್ಯ. ಭಾಗಾಕಾರ, ಭಿನ್ನರಾಶಿ, ಕಿರುಪರೀಕ್ಷೆ ಎಲ್ಲ ಅಷ್ಟಮಿ ಕಡೆಗೆ. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ, ಅಥವಾ ಹೇಳುವಂಥ ವಿಷಯ ಅಂತ ಅವರಿಗೆ ಅನ್ನಿಸಿಯೇ ಇರಲಿಲ್ಲ.

ಇದು ಸಿಕ್ಕಿದ ಮೇಲೆ ಭಾಷಣ ಅರ್ಧ ಆದ ಹಾಗೆಯೇ. ಐದು ನಿಮಿಷದಲ್ಲಿ ಹಿಡಿಸುವುದು ಒಂದೇ ದೊಡ್ಡ ವಿಷಯ, ಅದರ ಮುಂದೆ ಒಂದೆರಡು ಸಣ್ಣ ನಗು. ಉಳಿದದ್ದನ್ನೆಲ್ಲ ಬಿಡಬೇಕು, ಬಿಡುವುದೇ ಕಷ್ಟ.

ಬಿಟ್ಟದ್ದರಲ್ಲಿ ಒಂದು ಹೇಳುತ್ತೇನೆ. ಬಳಚಿಗೆ ಹೋಗಿ ವಾರಗಟ್ಟಲೆ ಶಾಲೆ ತಪ್ಪಿಸಿದ ಒಬ್ಬ ಹುಡುಗನನ್ನು ಅಕ್ಕೋರು ಕೆಸರಿಗೇ ಇಳಿದು ಕರೆತಂದ ಕಥೆ. ಮೂರು ಜನ ಹೇಳಿದರು, ಮೂವರೂ ನಗುತ್ತಾ ಹೇಳಿದರು, ಕಥೆ ಚೆನ್ನಾಗಿಯೂ ಇತ್ತು. ಆದರೆ ಆ ಹುಡುಗ ಈಗ ಇಬ್ಬರು ಮಕ್ಕಳ ಅಪ್ಪ, ಆ ಮಕ್ಕಳು ನಮ್ಮ ಶಾಲೆಯಲ್ಲೇ ಇದ್ದಾರೆ, ಅವನು ಅವತ್ತು ಶಾಮಿಯಾನದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ. ಮನೆಯಲ್ಲಿ ಅಕ್ಕಿ ಇಲ್ಲದ್ದಕ್ಕೆ ಅವನು ಹೋಗುತ್ತಿದ್ದದ್ದು. ಅದನ್ನು ಮೈಕಿನಲ್ಲಿ ಹೇಳಿ ಅಕ್ಕೋರನ್ನು ದೊಡ್ಡವರನ್ನಾಗಿ ಮಾಡುವುದು ಬೇಡ ಅನ್ನಿಸಿತು. ತಮಾಷೆ ಯಾರ ಮೇಲೆ ಬೀಳುತ್ತದೆ ಅಂತ ನೋಡಬೇಕು. ನಿವೃತ್ತರಾಗುವವರ ಮೇಲೆ ಸ್ವಲ್ಪ ಬೀಳಬಹುದು, ಹೇಳುವವನ ಮೇಲೆ ಎಷ್ಟು ಬೇಕಾದರೂ ಬೀಳಬಹುದು, ಕೂತು ಕೇಳುವ ಮೂರನೆಯವರ ಮೇಲೆ ಬೀಳಬಾರದು.

ಇನ್ನೊಂದು ತಮಾಷೆ ಇತ್ತು, ಹುಟ್ಟಿದ ದಿನದ್ದು. ಅದಕ್ಕೆ ಅಕ್ಕೋರ ಒಪ್ಪಿಗೆ ಬೇಕಿತ್ತು. ನಮ್ಮ ರಾಜ್ಯದಲ್ಲಿ ಸರ್ಕಾರಿ ನೌಕರರಿಗೆ ಅರವತ್ತು ತುಂಬಿದ ತಿಂಗಳ ಕೊನೆಯ ದಿನ ನಿವೃತ್ತಿ, ಒಂದನೇ ತಾರೀಕು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಗೇ. ಆ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಗೊತ್ತಿಲ್ಲ ಅಂದರೆ ಮಾಸ್ತರು ಜೂನ್ 1 ಅಂತ ಬರೆದುಬಿಡುತ್ತಿದ್ದರು. ಅದಕ್ಕೇ ಮೇ 31 ಬಂತೆಂದರೆ ಊರೂರಲ್ಲಿ ಬೀಳ್ಕೊಡುಗೆ. ಅಕ್ಕೋರದ್ದೂ ಜೂನ್ 1, ಆದರೆ ಅವರಮ್ಮ ಹೇಳುತ್ತಿದ್ದದ್ದು ದೀಪಾವಳಿ. ಇಲಾಖೆಯ ಅಧಿಕಾರಿಗಳ ಎದುರಿಗೆ ದಾಖಲೆಯ ತಾರೀಕಿನ ಬಗ್ಗೆ ತಮಾಷೆ ಮಾಡಬಹುದೋ ಇಲ್ಲವೋ? ಫೋನ್ ಮಾಡಿ ಕೇಳಿಯೇಬಿಟ್ಟೆ. ಅಕ್ಕೋರು ನಕ್ಕರು. "ಹೇಳಿ ಮಾರಾಯ್ರೆ, ಪಿಂಚಣಿ ಕಾಗದ ಎಲ್ಲ ಆಗಿದೆ. ವೇದಿಕೆ ಮೇಲೆ ಕೂರುವವರಲ್ಲೇ ಇನ್ನಿಬ್ಬರದ್ದು ಜೂನ್ ಒಂದು" ಅಂದರು. ಚುಕ್ಕೆಯ ವಿಷಯ ಮಾತ್ರ ನಾನು ಬಾಯಿ ಬಿಡಲಿಲ್ಲ.

ಗಾದೆಯ ವಿಷಯಕ್ಕೆ ಬರುತ್ತೇನೆ. ಮೊದಲ ಕರಡಿನಲ್ಲಿ ಗಾದೆಗಳು ಬೇಕಾದಷ್ಟು ಇದ್ದವು. ಹೆಂಡತಿಗೆ ಓದಿ ಹೇಳಿದೆ. "ಇದು ಅಕ್ಕೋರ ಬಗ್ಗೆಯೋ, ಗಾದೆ ಪುಸ್ತಕದ ಬಗ್ಗೆಯೋ?" ಅಂದಳು. ಕೂತು ಒಂದೊಂದಾಗಿ ನೋಡಿದೆ. ಕೆಲವು ಗಾದೆ ಕೇಳಲು ಚಂದ, ಆದರೆ ನಿವೃತ್ತಿಯ ದಿನ ಬಾಯಿಂದ ಹೊರಡಬಾರದು. ಊರು ಹೋಗು ಅನ್ನುತ್ತದೆ ಕಾಡು ಬಾ ಅನ್ನುತ್ತದೆ ಅಂತ ಒಬ್ಬರು ಯಾವುದೋ ಬೀಳ್ಕೊಡುಗೆಯಲ್ಲಿ ಹೇಳಿದ್ದನ್ನು ಕೇಳಿದ್ದೇನೆ, ನಿವೃತ್ತರಾದವರ ಹೆಂಡತಿಯ ಮುಖ ನೋಡುವ ಹಾಗಿರಲಿಲ್ಲ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಅನ್ನುವುದೂ ಅಷ್ಟೇ, ಹೊಗಳಿಕೆ ಅಂತ ಶುರುವಾಗಿ ಸಾವಿಗೆ ಹೋಗಿ ಮುಟ್ಟುತ್ತದೆ. ಇಂಥವನ್ನೆಲ್ಲ ಹೊಡೆದು ಹಾಕಿ ಎರಡೇ ಇಟ್ಟುಕೊಂಡೆ. ಅವೂ ಹೊಸವಲ್ಲ, ಎಲ್ಲರಿಗೂ ಬರುವವೇ. ಎಲ್ಲರಿಗೂ ಬರುತ್ತದೆ ಅನ್ನುವುದೇ ಲಾಭ. ಗಾದೆಯ ಮೊದಲರ್ಧ ಹೇಳಿ ನಿಂತರೆ ಉಳಿದರ್ಧವನ್ನು ಎದುರಿನ ಜನ ತಾವೇ ಹೇಳುತ್ತಾರೆ. ಆಮೇಲೆ ನಾವು ಅದನ್ನು ಅಕ್ಕೋರ ಕಡೆಗೆ ಸ್ವಲ್ಪ ತಿರುಗಿಸಬೇಕು. ತಿರುಗಿಸಲು ಅವರ ಬದುಕಿನಲ್ಲಿ ಕಣ್ಣಿಗೆ ಕಾಣುವ ಏನಾದರೂ ಇರಬೇಕು, ಇಲ್ಲದಿದ್ದರೆ ಗಾದೆ ಅಲ್ಲೇ ಬಿದ್ದಿರುತ್ತದೆ. ಈ ಉಪಾಯ ಒಂದು ಸಲ ಮಾತ್ರ ನಡೆಯುತ್ತದೆ, ಎರಡನೇ ಸಲ ಮಾಡಿದರೆ ಮಾಸ್ತರು ಪ್ರಶ್ನೆ ಕೇಳಿದ ಹಾಗೆ ಆಗುತ್ತದೆ.

ಕೊನೆಗೆ ಹಾಳೆಯಲ್ಲಿ ಉಳಿದದ್ದು ಇದು. ಆಡುವ ಮಾತಿನಲ್ಲೇ ಬರೆದೆ, ಗಟ್ಟಿಯಾಗಿ ಓದುವಾಗ ನಾಲಿಗೆ ತಡೆದ ಕಡೆಯೆಲ್ಲ ಪದ ಬದಲಿಸಿದೆ.

"ಎಲ್ಲರಿಗೂ ನಮಸ್ಕಾರ. ಅಕ್ಕೋರೆ, ನೀವು ಸೇವೆಗೆ ಸೇರಿದ್ದು ಯಾವಾಗ, ಎಲ್ಲೆಲ್ಲಿ ಕೆಲಸ ಮಾಡಿದ್ದು ಅಂತ ಈಗಷ್ಟೇ ಓದಿದರು. ಅದು ಸರ್ಕಾರದ ಲೆಕ್ಕ. ನಾನು ಬೇರೆ ಲೆಕ್ಕ ಹೇಳಲು ನಿಂತಿದ್ದೇನೆ.

ಸರ್ಕಾರದ ಲೆಕ್ಕದಲ್ಲಿ ನೀವು ಹುಟ್ಟಿದ್ದು ಜೂನ್ 1. ನಿಮ್ಮ ಅಮ್ಮನ ಲೆಕ್ಕದಲ್ಲಿ ದೀಪಾವಳಿ ಪಾಡ್ಯ, ಗೋಪೂಜೆಗೆ ಕೊಟ್ಟಿಗೆ ತೊಳೆಯುವಾಗ ಹೊಟ್ಟೆನೋವು ಶುರುವಾಯ್ತಂತೆ. ನಿಮ್ಮನ್ನು ಶಾಲೆಗೆ ಸೇರಿಸಿಕೊಂಡ ಮಾಸ್ತರು ದೀಪಾವಳಿಯನ್ನು ಎಳೆದು ತಂದು ಮಳೆಗಾಲದ ಬಾಗಿಲಿಗೆ ಕಟ್ಟಿದರು. ಅಮ್ಮನ ಲೆಕ್ಕ ಹಿಡಿದರೆ ನಮ್ಮ ಮಕ್ಕಳಿಗೆ ನಿಮ್ಮಿಂದ ಇನ್ನೂ ಐದು ತಿಂಗಳ ಪಾಠ ಬಾಕಿ ಇದೆ. ಅದನ್ನು ವಸೂಲಿ ಮಾಡುವುದು ಹೇಗೆ ಅಂತ ಅಧಿಕಾರಿಗಳು ದಯವಿಟ್ಟು ತಿಳಿಸಬೇಕು.

ಕೈ ಕೆಸರಾದರೆ... ಹೌದು, ಬಾಯಿ ಮೊಸರು. ಆದರೆ ನಮ್ಮ ಅಕ್ಕೋರದ್ದು ಕೈಯಲ್ಲ, ಕಾಲು. ನೀರು ಇಳಿದಾಗ ತಾರಿ ದಡಕ್ಕೆ ಮುಟ್ಟುವುದಿಲ್ಲ, ಕೊನೆಯ ಹತ್ತು ಹೆಜ್ಜೆ ಕೆಸರಿನಲ್ಲೇ. ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಸೀರೆ ನೆರಿಗೆ, ಉತ್ತರ ಪತ್ರಿಕೆಯ ಕಟ್ಟು ತಲೆಯ ಮೇಲೆ. ಕಾಲು ಕೆಸರಾದದ್ದು ಅವರದ್ದು, ಬಾಯಿ ಮೊಸರಾದದ್ದು ನಮ್ಮದು. ಅವರು ಡಬ್ಬಿಯಲ್ಲಿ ತರುತ್ತಿದ್ದ ಮೊಸರವಲಕ್ಕಿ ಅವರ ಬಾಯಿಗೆ ಹೋದದ್ದನ್ನು ನಾನಂತೂ ನೋಡಿಲ್ಲ.

ಈಗ ಒಂದು ಗುಟ್ಟು. ಅಕ್ಕೋರೆ, ನಿಮ್ಮ ಹಾಜರಿ ಪುಸ್ತಕ ನೋಡಿದೆ. ಪುಟದ ತಲೆಯಲ್ಲಿ ಪೆನ್ಸಿಲ್ ಚುಕ್ಕೆ ಇದೆ. ಎಂತ ಅಂತ ಕೇಳಿಕೊಂಡು ಬಂದೆ. ಇಲಾಖೆ ನಮಗೊಂದು ಕ್ಯಾಲೆಂಡರ್ ಕೊಡುತ್ತದೆ, ನದಿ ಇನ್ನೊಂದು ಕೊಡುತ್ತದೆ. ಯಾವ ದಿನ ನೀರು ಬೆಲ್ ಹೊತ್ತಿಗೆ ಇಳಿಯುತ್ತದೆ, ಯಾವ ದಿನ ಮಕ್ಕಳು ಬಳಚಿಗೆ ಹೋಗುತ್ತಾರೆ ಅಂತ ನೀವು ಮೊದಲೇ ಗುರುತು ಹಾಕಿ, ಕಷ್ಟದ ಲೆಕ್ಕವನ್ನೆಲ್ಲ ಅಷ್ಟಮಿಗೆ ಇಟ್ಟಿರಿ. ಈ ಊರಿನ ಮಕ್ಕಳಿಗೆ ಭಾಗಾಕಾರ ಬರುತ್ತದೆ ಅಂದರೆ ಅದಕ್ಕೆ ಚಂದ್ರನೂ ಸ್ವಲ್ಪ ಕಾರಣ, ಆದರೆ ಅವನಿಗೆ ಸಂಬಳ ಇಲ್ಲ, ಪಿಂಚಣಿಯೂ ಇಲ್ಲ.

ತುಂಬಿದ ಕೊಡ ತುಳುಕುವುದಿಲ್ಲ ಅಂತಾರೆ. ಆ ಗಾದೆ ಮಾಡಿದವರು ನಮ್ಮ ಅಕ್ಕೋರನ್ನು ನೋಡಿರಲಿಕ್ಕಿಲ್ಲ. ಇವರು ತುಂಬಿಯೂ ಇದ್ದರು, ಸ್ಟಾಫ್ ರೂಮಿನಲ್ಲಿ ದಿನಾ ತುಳುಕುತ್ತಲೂ ಇದ್ದರು. ಚುಕ್ಕೆಯ ವಿಷಯ ಒಂದೇ ತುಳುಕಲಿಲ್ಲ ನೋಡಿ.

ಅಕ್ಕೋರೆ, ನಾಳೆ ನಿಮ್ಮ ಹುಟ್ಟಿದ ಹಬ್ಬ, ಸರ್ಕಾರಿ ಲೆಕ್ಕದ್ದು. ಶುಭಾಶಯ. ಹೋಗುವ ಮೊದಲು ಈ ವರ್ಷದ ಚುಕ್ಕೆ ಹಾಕಿಕೊಟ್ಟು ಹೋಗಿ. ನಾನು ಘಟ್ಟದ ಮೇಲಿನವನು, ನನಗೆ ನೀರಿನ ಲೆಕ್ಕ ಬರುವುದಿಲ್ಲ. ದೀಪಾವಳಿಗೆ ನಿಮ್ಮ ಮನೆಗೆ ಬರುತ್ತೇವೆ, ಬಾಕಿ ಪಾಠದ ಬಗ್ಗೆ ಅಲ್ಲಿ ಮಾತಾಡೋಣ."

ಮನೆಯಲ್ಲಿ ಗಡಿಯಾರ ಇಟ್ಟು ಓದಿದಾಗ ನಾಲ್ಕು ನಿಮಿಷದ ಒಳಗೇ ಆಯ್ತು. ಬೇಕೆಂದೇ ಅಷ್ಟಕ್ಕೆ ಬಿಟ್ಟೆ. ಜನ ನಗುವುದಕ್ಕೂ ಸಮಯ ಬೇಕು, ನಗುವಾಗ ಮೇಲೆ ಮಾತಾಡಿದರೆ ಮುಂದಿನ ಸಾಲು ಯಾರಿಗೂ ಕೇಳುವುದಿಲ್ಲ.

ಅವತ್ತು ಬೆಳಿಗ್ಗೆ ಮೋಡ ಕವಿದಿತ್ತು, ಸೆಖೆ ಅಂದರೆ ಸೆಖೆ. ಅಧಿಕಾರಿಗಳಿಗೆ ಅದೇ ದಿನ ಬೇರೆ ಎರಡು ಕಡೆ ಬೀಳ್ಕೊಡುಗೆ ಇತ್ತು, ಕಾರ್ಯಕ್ರಮ ತಡವಾಗಿ ಶುರುವಾಯ್ತು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ಫಲತಾಂಬೂಲ, ಸನ್ಮಾನ ಪತ್ರ. ಅನಿಸಿಕೆ ಹೇಳುವವರ ಸಾಲಿನಲ್ಲಿ ನಾನು ಕೊನೆಯವನು, ಅಷ್ಟರಲ್ಲಿ ಅಡುಗೆ ಮನೆ ಕಡೆಯಿಂದ ಪಾಯಸದ ಪರಿಮಳ ಬರುತ್ತಿತ್ತು, ಜನ ಆ ಕಡೆಗೇ ನೋಡುತ್ತಿದ್ದರು. ನನಗಿಂತ ಮೊದಲು ಮಾತಾಡಿದವರಲ್ಲಿ ಒಬ್ಬರು ಮೊಸರವಲಕ್ಕಿ ವಿಷಯ ಹೇಳಿಯೇಬಿಟ್ಟರು. ಹಾಗಾಗಿ ನಾನು ಆ ಸಾಲನ್ನು ಅಲ್ಲೇ ಬದಲಿಸಿ, "ಮೊಸರಿನ ವಿಷಯ ಈಗಾಗಲೇ ಬಂತು, ತಿಂದವರಲ್ಲಿ ಅವರೊಬ್ಬರೇ ಒಪ್ಪಿಕೊಂಡರು" ಅಂದೆ. ಅದಕ್ಕೆ ಬಂದ ನಗು ಬರೆದದ್ದಕ್ಕೆ ಬರುತ್ತಿರಲಿಲ್ಲ. ಕೊನೆಯವನಾಗಿ ಮಾತಾಡುವಾಗ ಇದೊಂದು ಕೆಲಸ ಇರುತ್ತದೆ, ಹಾಳೆ ಮಡಚಿಟ್ಟು ಬೇರೆಯವರನ್ನು ಸರಿಯಾಗಿ ಕೇಳುತ್ತಾ ಕೂರಬೇಕು.

"ಕೈ ಕೆಸರಾದರೆ" ಅಂತ ಹೇಳಿ ನಿಂತೆ. ಮಕ್ಕಳು ಒಂದೇ ಧ್ವನಿಯಲ್ಲಿ "ಬಾಯಿ ಮೊಸರು" ಅಂತ ಕೂಗಿದರು, ಬಳಿಕ ದೊಡ್ಡವರೂ ನಕ್ಕರು. ಪಾಯಸದ ಕಡೆ ತಿರುಗಿದ್ದ ಮುಖಗಳು ಈ ಕಡೆ ಬಂದವು. ಚುಕ್ಕೆಯ ಮಾತು ಬಂದಾಗ ಅಕ್ಕೋರು ಮೊದಲು ಹೆಡ್‌ಮಾಸ್ತರ ಮುಖ ನೋಡಿದರು, ಹಾಜರಿ ಪುಸ್ತಕದಲ್ಲಿ ಪೆನ್ಸಿಲ್ ಗುರುತು ಹಾಕಬಾರದು ಅಂತ ಈಗ ಬೈಯುತ್ತಾರೋ ಅನ್ನುವ ಹಾಗೆ. ಆಮೇಲೆ ಸೆರಗು ತೆಗೆದು ಬಾಯಿಗೆ ಹಿಡಿದು ನಕ್ಕರು. ಅಷ್ಟಮಿ ಅಂದಾಗ ಹಿಂದಿನ ಸಾಲಿನಲ್ಲಿ ಕೂತಿದ್ದ ಹಳೆಯ ವಿದ್ಯಾರ್ಥಿಗಳು, ಈಗ ನನಗಿಂತ ದೊಡ್ಡ ಮೀಸೆಯವರು, "ಹೌದಲ್ಲಾ! ಪರೀಕ್ಷೆ ಯಾವಾಗಲೂ ನೀರು ಇಳಿಯದಾಗಲೇ ಇರ್ತಿತ್ತು" ಅಂತ ತಮ್ಮ ತಮ್ಮೊಳಗೆ ಮಾತಾಡಲು ಶುರು ಮಾಡಿದರು. ನನಗೆ ಒಂದು ನಿಮಿಷ ಸುಮ್ಮನೆ ನಿಲ್ಲಬೇಕಾಯ್ತು.

ಅವರ ಮಾತಿನ ಸರದಿ ಬಂದಾಗ ಅಕ್ಕೋರು ನನ್ನನ್ನು ಸರಿಪಡಿಸಿದರು. ಚುಕ್ಕೆ ಹಾಕಲು ಶುರು ಮಾಡಿದ್ದು ಅವರಲ್ಲವಂತೆ, ಅವರಿಗಿಂತ ಮೊದಲು ಇದ್ದ ಒಬ್ಬ ಮಾಸ್ತರಂತೆ, ಅವರು ಗೋಡೆಯ ಪಂಚಾಂಗದ ಮೇಲೆ ಹಾಕುತ್ತಿದ್ದರಂತೆ. ಇವರು ಪುಸ್ತಕಕ್ಕೆ ತಂದದ್ದು ಅಷ್ಟೇ.

ಊಟಕ್ಕೆ ತಾರಿಯವನು ನನ್ನ ಪಕ್ಕದಲ್ಲೇ ಕೂತಿದ್ದ, ಮುಖ ಸ್ವಲ್ಪ ದಪ್ಪ ಮಾಡಿಕೊಂಡು. ಅಪ್ಪೆಹುಳಿ ಎರಡನೇ ಸಲ ಹಾಕಿಸಿಕೊಂಡ ಮೇಲೆ ಬಾಯಿ ಬಿಟ್ಟ. "ಸರ್, ನೀರಿನ ಲೆಕ್ಕ ಎಲ್ಲ ಹೇಳಿದವ ನಾನು. ನೀವು ಚಂದ್ರನ ಹೆಸರು ಹೇಳಿದ್ರಿ, ನನ್ನ ಹೆಸರು ಹೇಳ್ಲಿಲ್ಲ." ಮುಂದಿನ ವರ್ಷ ಹೆಡ್‌ಮಾಸ್ತರ ನಿವೃತ್ತಿ ಇದೆ, ಅವರಿಗೆ ಬೈದವನು ನೀನೇ ಜಾಸ್ತಿ, ಆಗ ಹೇಳುತ್ತೇನೆ ಅಂದೆ. "ಹಾಗಾದ್ರೆ ಈಗಲೇ ಬರ್ಕೊಳ್ಳಿ" ಅಂತ ಶುರು ಮಾಡಿದ.